ಬದುವಿನ ಮೇಲೆ ಚಿಮ್ಮಿದ ನಾಣ್ಯ

2024ರ ಆಗಸ್ಟ್‌ನಲ್ಲಿ ನಾನು ನರೋಣಾದ ಎಂಟು ಹೊಲಗಳ ಬದುವಿನ ಮೇಲೆ ನಿಂತು ಎಂಟು ಸಲ ನಾಣ್ಯ ಚಿಮ್ಮಿದ್ದೆ. ಐದು ರೂಪಾಯಿಯ ದಪ್ಪ ನಾಣ್ಯ. ಸಿಂಹದ ಮುಖ ಬಿದ್ದರೆ ಹೊಲದ ಮೂಡಲ ಅರ್ಧಕ್ಕೆ ಕುಡಿ ಚಿವುಟುವುದು, ಅಂಕಿ ಬಿದ್ದರೆ ಪಡುವಲ ಅರ್ಧಕ್ಕೆ. ಹೊಲದವರು ನಗುತ್ತಿದ್ದರು. ‘ಓದಿದ ಹುಡುಗಿ ಇಸ್ಪೀಟ್ ಆಡೋರಂಗ ರೊಕ್ಕ ಹಾರಸ್ಲತ್ತಾಳ’ ಎಂದು ಒಬ್ಬ ಕಾಕಾ ಅಂದಿದ್ದು ಊರೆಲ್ಲ ಸುತ್ತಿ ಮನೆಗೆ ಬರುವಷ್ಟರಲ್ಲಿ ನಾನು ಜೂಜಾಡಿದೆ ಎಂಬಲ್ಲಿಗೆ ಮುಟ್ಟಿತ್ತು. ಆ ನಾಣ್ಯವೇ ನನ್ನ ಪ್ರಬಂಧದ ಒಂದು ಅಧ್ಯಾಯವನ್ನು ಹೊತ್ತು ನಿಲ್ಲುತ್ತದೆ ಎಂದು ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ.

ತೊಗರಿಯ ಕುಡಿ ಚಿವುಟುವುದು ನಮ್ಮ ಕಡೆಯವರಿಗೆ ವಿವರಿಸಬೇಕಾದ ಸಂಗತಿಯಲ್ಲ. ಬೇರೆಯವರಿಗಾಗಿ ಎರಡು ಮಾತು: ಬಿತ್ತಿ ಒಂದೂವರೆ ಎರಡು ತಿಂಗಳಾದ ಮೇಲೆ ಗಿಡದ ತುದಿಯ ಎಳೆಕುಡಿಯನ್ನು ಮುರಿದುಹಾಕಿದರೆ ಗಿಡ ಮೇಲಕ್ಕೆ ಏರುವ ಬದಲು ಅಡ್ಡಕ್ಕೆ ಕೊಂಬೆ ಒಡೆಯುತ್ತದೆ. ಕೊಂಬೆ ಹೆಚ್ಚಾದರೆ ಹೂವು ಹೆಚ್ಚು, ಕಾಯಿ ಹೆಚ್ಚು. ಕೃಷಿ ಅಧಿಕಾರಿಗಳು ಹೇಳುವುದು ಇದನ್ನೇ. ಆದರೆ ಎಕರೆಗೆ ನಾಲ್ಕು ಆಳು ಬೇಕು. ಅವತ್ತಿನ ಕೂಲಿಯಲ್ಲಿ ಅದು 1,200 ರೂಪಾಯಿ. ಅಪ್ಪನ ಪ್ರಶ್ನೆ ಸರಳವಾಗಿತ್ತು: ‘ಹನ್ನೆರಡು ನೂರು ಹಾಕಿದ್ರ ಹನ್ನೆರಡು ನೂರಾದ್ರೂ ತಿರುಗಿ ಬರ್ತದೇನು?’ ಆ ವರ್ಷ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ಇತ್ತು. ಅಂದರೆ ಎಕರೆಗೆ ಹದಿನಾರು ಕೆಜಿ ಹೆಚ್ಚು ಬಂದರೆ ಆಳಿನ ಖರ್ಚು ಹುಟ್ಟುತ್ತದೆ. ಅದಕ್ಕಿಂತ ಹೆಚ್ಚು ಬಂದದ್ದು ಲಾಭ.

ಜನವರಿಯಲ್ಲಿ ರಾಶಿಯಾಯಿತು. ಪ್ರತಿ ಹೊಲದ ಎರಡೂ ಅರ್ಧಗಳನ್ನು ಬೇರೆ ಬೇರೆ ಮಾಡಿಸಿ ಬೇರೆ ಬೇರೆ ತೂಗಿದೆ. ಚಿವುಟಿದ ಅರ್ಧದ ತೂಕದಲ್ಲಿ ಚಿವುಟದ ಅರ್ಧದ ತೂಕ ಕಳೆದು, ಎಕರೆ ಲೆಕ್ಕಕ್ಕೆ ತಂದಾಗ ಕೆಜಿಯಲ್ಲಿ ಸಿಕ್ಕ ಎಂಟು ವ್ಯತ್ಯಾಸಗಳು ಇವು: 20, 35, 12, 28, −8, 40, 15, 190. ಒಂದು ಹೊಲದಲ್ಲಿ ಮಾತ್ರ ಚಿವುಟಿದ್ದಕ್ಕೆ ಎಂಟು ಕೆಜಿ ನಷ್ಟ. ಉಳಿದ ಏಳರಲ್ಲೂ ಲಾಭ. ಕೊನೆಯದರಲ್ಲಂತೂ ಕಣ್ಣು ಕುಕ್ಕುವಷ್ಟು.

ನನಗೆ ಖುಷಿಯಾಗಿತ್ತು. ಪುಸ್ತಕದಲ್ಲಿದ್ದಂತೆ ಟಿ-ಪರೀಕ್ಷೆ ಮಾಡಿದೆ. ಸರಾಸರಿ 41.5 ಕೆಜಿ, ಟಿ ಮೌಲ್ಯ 1.90, ಪಿ-ಮೌಲ್ಯ ಸುಮಾರು 0.10. ಚಿವುಟುವುದರಿಂದ ಏನೂ ಆಗದಿದ್ದರೂ ಬರೀ ಅದೃಷ್ಟದಿಂದಲೇ ಇಂಥ ಫಲಿತಾಂಶ ಹತ್ತರಲ್ಲಿ ಒಂದು ಬಾರಿ ಬರಬಹುದು ಎಂದು ಇದರ ಅರ್ಥ. ನಮ್ಮ ಶಾಸ್ತ್ರದಲ್ಲಿ ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ರೂಢಿ. ನನ್ನ ಮಾರ್ಗದರ್ಶಕರು ಹಾಳೆಯನ್ನು ಒಮ್ಮೆ ನೋಡಿ, ‘ಪರಿಣಾಮ ಇಲ್ಲ ಅಂತ ಬರಿ’ ಅಂದರು.

ಆ ರಾತ್ರಿ ಒಂದು ಚೇಷ್ಟೆ ಮಾಡಿದೆ. 190 ಅನ್ನು ತೆಗೆದುಹಾಕಿ ಉಳಿದ ಏಳರ ಮೇಲೆ ಅದೇ ಪರೀಕ್ಷೆ ಓಡಿಸಿದೆ. ಪಿ-ಮೌಲ್ಯ 0.016ಕ್ಕೆ ಇಳಿಯಿತು! ಚಿವುಟುವುದರ ಪರವಾಗಿ ಎಲ್ಲಕ್ಕಿಂತ ಜೋರಾಗಿ ಸಾಕ್ಷಿ ಹೇಳುವ ಹೊಲವನ್ನು ತೆಗೆದರೆ ಪರೀಕ್ಷೆ ಚಿವುಟುವುದನ್ನು ನಂಬುತ್ತದೆ, ಆ ಹೊಲವನ್ನು ಸೇರಿಸಿದರೆ ಅನುಮಾನಿಸುತ್ತದೆ. ಪಂಚಾಯಿತಿಗೆ ಏಳು ಮಂದಿ ಬಂದು ‘ಹೌದು’ ಅಂದರೆ ಒಪ್ಪಿ, ಎಂಟನೆಯವನು ಬಂದು ‘ಹೌದು ಹೌದು ಹೌದು’ ಎಂದು ಕೂಗಿದ ತಕ್ಷಣ ‘ಇದ್ಯಾಕೋ ಸರಿ ಇಲ್ಲ’ ಎಂದಂತೆ.

ಯಾಕೆ ಹೀಗೆ ಎಂಬುದು ಕಷ್ಟದ್ದಲ್ಲ. ಟಿ-ಪರೀಕ್ಷೆ ಸರಾಸರಿಯನ್ನು ಅಂಕಿಗಳ ಚದುರುವಿಕೆಯ ಪಕ್ಕ ಇಟ್ಟು ತೂಗುತ್ತದೆ. 190 ಬಂದಾಗ ಸರಾಸರಿ 20ರಿಂದ 41ಕ್ಕೆ, ಅಂದರೆ ಎರಡು ಪಟ್ಟು ಏರಿತು. ಆದರೆ ಚದುರುವಿಕೆ 16ರಿಂದ 62ಕ್ಕೆ, ಸುಮಾರು ನಾಲ್ಕು ಪಟ್ಟು ಏರಿತು. ಆ ಚದುರುವಿಕೆಯಿಂದ ಪಿ-ಮೌಲ್ಯಕ್ಕೆ ಹೋಗುವ ದಾರಿಯಲ್ಲಿ ಒಂದು ಊಹೆಯೂ ಇದೆ: ಈ ವ್ಯತ್ಯಾಸಗಳು ಗಂಟೆಯಾಕಾರದ ನಾರ್ಮಲ್ ವಿತರಣೆಯಿಂದ ಬಂದವು ಎಂಬುದು. ಎಂಟೇ ಅಂಕಿಗಳಿಂದ ಅದನ್ನು ಪರೀಕ್ಷಿಸಲು ಆಗುವುದಿಲ್ಲ. ನನ್ನ ಎಂಟರಲ್ಲಿ ಒಂದಂತೂ ಆ ಗಂಟೆಯ ಹೊರಗೆ ಎಲ್ಲೋ ಒಡ್ಡಿನ ಮೇಲೆ ಕೂತಿತ್ತು.

ಆಗ ನೆನಪಾದದ್ದು ಆರ್. ಎ. ಫಿಶರ್‌ನ 1935ರ ಪುಸ್ತಕ. ಅದರಲ್ಲಿ ಡಾರ್ವಿನ್ ಬೆಳೆಸಿದ ಮೆಕ್ಕೆಜೋಳದ ಹದಿನೈದು ಜೋಡಿಗಳ ಲೆಕ್ಕವಿದೆ. ಪ್ರತಿ ಜೋಡಿಯಲ್ಲಿ ಒಂದು ಗಿಡ ಪರಕೀಯ ಪರಾಗದಿಂದ ಹುಟ್ಟಿದ್ದು, ಇನ್ನೊಂದು ಸ್ವಕೀಯ ಪರಾಗದಿಂದ. ಎತ್ತರದ ವ್ಯತ್ಯಾಸಗಳಿಗೆ ಪ್ಲಸ್ ಮೈನಸ್ ಚಿಹ್ನೆಗಳನ್ನು ಎಷ್ಟು ಬಗೆಯಲ್ಲಿ ಹಾಕಬಹುದೋ ಅಷ್ಟನ್ನೂ, ಅಂದರೆ 32,768 ಬಗೆಗಳನ್ನು, ಫಿಶರ್ ಲೆಕ್ಕಕ್ಕೆ ತೆಗೆದುಕೊಂಡ. ಡಾರ್ವಿನ್‌ಗೆ ಸಿಕ್ಕ ಮೊತ್ತದಷ್ಟು ಅಥವಾ ಅದಕ್ಕೂ ದೊಡ್ಡ ಮೊತ್ತ ಎರಡೂ ದಿಕ್ಕು ಸೇರಿ 1,726 ಬಗೆಗಳಲ್ಲಿ ಬಂತು. ಅದು 5.27 ಶೇಕಡಾ. ಟಿ-ಪರೀಕ್ಷೆ ಕೊಟ್ಟದ್ದು 4.97. ಅಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು. ನನ್ನ ಹೊಲಗಳಲ್ಲಿ ಏನು ಹೇಳುತ್ತವೆ?

ಯೋಚನೆ ಹೀಗೆ ಹೋಗುತ್ತದೆ. ಕುಡಿ ಚಿವುಟಿದ್ದರಿಂದ ಏನೆಂದರೆ ಏನೂ ಆಗಿಲ್ಲ ಎಂದು ಒಂದು ಕ್ಷಣಕ್ಕೆ ಒಪ್ಪೋಣ. ಹಾಗಿದ್ದರೆ ಮೊದಲ ಹೊಲದ ಎರಡು ಅರ್ಧಗಳ ತೂಕ ಆ ಮಣ್ಣಿನಲ್ಲಿ ಹೇಗಿದ್ದರೂ ಅಷ್ಟೇ ಬರುತ್ತಿತ್ತು. ನಾಣ್ಯ ತೀರ್ಮಾನಿಸಿದ್ದು ಯಾವ ಅರ್ಧಕ್ಕೆ ‘ಚಿವುಟಿದ್ದು’ ಎಂಬ ಹೆಸರು ಎನ್ನುವುದನ್ನು ಮಾತ್ರ. ನಾಣ್ಯ ಮಗ್ಗುಲು ಬದಲಿಸಿ ಬಿದ್ದಿದ್ದರೆ 20 ಎಂಬುದು −20 ಆಗುತ್ತಿತ್ತು, ಅಷ್ಟೇ. ಎಂಟು ಹೊಲ, ಎಂಟು ನಾಣ್ಯ, ಒಟ್ಟು 256 ಬಗೆ. ಎಲ್ಲವೂ ಸಮಾನ ಸಾಧ್ಯತೆಯವು, ಯಾಕೆಂದರೆ ನಾಣ್ಯವನ್ನು ನಾನು ಖರೇನೇ ಚಿಮ್ಮಿದ್ದೆ. ಇಲ್ಲಿ ಗಂಟೆಯಾಕಾರದ ಊಹೆ ಬೇಡ.

ಎಣಿಸಲು ಕಂಪ್ಯೂಟರ್ ಬೇಕಾಗಲಿಲ್ಲ. ನನ್ನ ಎಂಟರ ಮೊತ್ತ 332. ಎಲ್ಲವೂ ಪ್ಲಸ್ ಆಗಿದ್ದರೆ 348. ಅತಿ ಚಿಕ್ಕದಾದ 8 ಒಂದನ್ನೇ ಮೈನಸ್ ಮಾಡಿದರೆ 332, ಅದೇ ನನಗೆ ಸಿಕ್ಕದ್ದು. ಅದರ ಬದಲು 12 ಅನ್ನು ಮೈನಸ್ ಮಾಡಿದರೆ 324, ಆಗಲೇ ಕೆಳಗೆ ಬಿತ್ತು. ಅಂದರೆ 332 ಅಥವಾ ಮೇಲಿನ ಮೊತ್ತ ಬರುವುದು ಎರಡೇ ಬಗೆಯಲ್ಲಿ. ಚಿವುಟುವುದು ಹಾನಿ ಮಾಡುತ್ತದೆ ಎಂಬ ಇನ್ನೊಂದು ದಿಕ್ಕಿನಲ್ಲೂ ಎರಡು. 256ರಲ್ಲಿ 4, ಅಂದರೆ 0.016.

ಮರುದಿನ ಇದನ್ನು ಹಿಡಿದುಕೊಂಡು ಓಡಿದೆ. ಮಾರ್ಗದರ್ಶಕರು ಕನ್ನಡಕದ ಮೇಲಿಂದ ನೋಡಿ ಕೇಳಿದ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ: ‘ಬೇಕಾದ ಉತ್ತರ ಸಿಗೋವರೆಗೂ ಪರೀಕ್ಷೆ ಬದಲಾಯಿಸ್ತಾ ಹೋಗ್ತೀಯೇನು?’ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಟಿ-ಪರೀಕ್ಷೆ ಮೊದಲೇ 0.01 ಕೊಟ್ಟಿದ್ದರೆ ನಾನು ಫಿಶರ್‌ನ ಪುಸ್ತಕ ತೆಗೆಯುತ್ತಲೇ ಇರಲಿಲ್ಲ. ಹಾಗಾಗಿ ಅಧ್ಯಾಯದಲ್ಲಿ ಎರಡನ್ನೂ, ಯಾವುದನ್ನು ಮೊದಲು ಮಾಡಿದೆ ಎಂಬ ಕ್ರಮ ಸಮೇತ, ಬರೆದಿದ್ದೇನೆ. ನನ್ನ ಪರವಾಗಿ ಹೇಳಲು ಇದ್ದದ್ದು ಒಂದೇ ಮಾತು. ನಾಣ್ಯ ಚಿಮ್ಮಿದ್ದು ಆಗಸ್ಟ್‌ನಲ್ಲಿ, ಅಂಕಿಗಳು ಬಂದದ್ದು ಜನವರಿಯಲ್ಲಿ. ಈ ಪರೀಕ್ಷೆ ಆಗಸ್ಟ್‌ನ ಆ ನಾಣ್ಯಗಳನ್ನೇ ಮತ್ತೆ ಚಿಮ್ಮುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳುವ ಮೊದಲು ನಾನೂ ಒಂದು ದಡ್ಡತನ ಮಾಡಿದ್ದೆ. ಮೊದಲ ಸಲ ಎಂಟು ವ್ಯತ್ಯಾಸಗಳ ಬದಲು ಹದಿನಾರು ಅರ್ಧಗಳ ತೂಕವನ್ನೂ ಒಂದೇ ಗುಡ್ಡೆ ಹಾಕಿ, ಅದರಲ್ಲಿ ಯಾವ ಎಂಟಕ್ಕಾದರೂ ‘ಚಿವುಟಿದ್ದು’ ಎಂಬ ಚೀಟಿ ಅಂಟಿಸಬಹುದು ಎಂದು ಕಲಸಿದೆ. ಹಾಗೆ ಮಾಡಲು 12,870 ಬಗೆಗಳಿವೆ. ಪರಿಣಾಮ ಕಾಣಲೇ ಇಲ್ಲ. ಕಾಣುವುದಾದರೂ ಹೇಗೆ? ಒಬ್ಬರ ಎರೆ ಹೊಲದಲ್ಲಿ ಎಕರೆಗೆ ಆರು ಕ್ವಿಂಟಲ್ ಬಂದರೆ ಇನ್ನೊಬ್ಬರ ಮಡ್ಡಿ ಹೊಲದಲ್ಲಿ ಎರಡೂವರೆ. ಆ ದೊಡ್ಡ ಅಂತರದ ಗದ್ದಲದಲ್ಲಿ ಇಪ್ಪತ್ತು ಕೆಜಿಯ ದನಿ ಮುಳುಗಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಬ್ಬರ ಎರಡೂ ಅರ್ಧಕ್ಕೆ ಚಿವುಟಿ ಇನ್ನೊಬ್ಬರ ಎರಡೂ ಅರ್ಧವನ್ನು ಬಿಟ್ಟುಬಿಡುವಂಥ ನಾಣ್ಯವನ್ನು ನಾನು ಚಿಮ್ಮಿರಲೇ ಇಲ್ಲ. ಚಿಮ್ಮದ ನಾಣ್ಯವನ್ನು ಮತ್ತೆ ಚಿಮ್ಮಲು ಬರುವುದಿಲ್ಲ. ಪರ್ಮ್ಯುಟೇಶನ್ ಟೆಸ್ಟ್ ಊಹೆಗಳಿಲ್ಲದ ಪರೀಕ್ಷೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಅರ್ಧ ಸತ್ಯ. ಏನನ್ನು ಅದಲುಬದಲು ಮಾಡಬಹುದು ಎಂಬುದೇ ಅದರ ಊಹೆ.

ಇನ್ನು 190ರ ಹೊಲ. ನೋಡಲು ಹೋದೆ. ಪಡುವಲ ಅರ್ಧ ತಗ್ಗು. ಮಳೆ ಜೋರಾದಾಗ ಅಲ್ಲಿ ನೀರು ನಿಂತು ಗಿಡ ಕೊಳೆತಿದ್ದವು. ನಾಣ್ಯ ಆ ಅರ್ಧವನ್ನು ‘ಚಿವುಟದ್ದು’ ಮಾಡಿತ್ತು. ಅಂದರೆ 190ರಲ್ಲಿ ಬಹುಪಾಲು ನೀರಿನ ಕೆಲಸ, ಚಿವುಟಿದ್ದರದ್ದಲ್ಲ. ಹಾಗಾದರೆ ಪರೀಕ್ಷೆ ಕೆಟ್ಟಿತೇ? ಇಲ್ಲ. ನಾಣ್ಯ ಇನ್ನೊಂದು ಮಗ್ಗುಲು ಬಿದ್ದಿದ್ದರೆ ಅದೇ ನೀರು −190 ಕೊಡುತ್ತಿತ್ತು, ಅದನ್ನು 256ರಲ್ಲಿ ಅರ್ಧದಷ್ಟು ಬಗೆಗಳು ಲೆಕ್ಕಕ್ಕೆ ಹಿಡಿದೇ ಇವೆ. ‘ಏನಾದರೂ ಆಗಿದೆಯೇ’ ಎಂಬ ಪ್ರಶ್ನೆಗೆ ಉತ್ತರ ಗಟ್ಟಿ. ಆದರೆ ‘ಎಷ್ಟು’ ಎಂಬ ಅಪ್ಪನ ಪ್ರಶ್ನೆಗೆ 41.5 ಕೆಜಿ ಎಂದು ಉತ್ತರ ಕೊಟ್ಟರೆ ಅದರಲ್ಲಿ ಅರ್ಧ ನೀರು.

ಎಷ್ಟು ಎಂಬುದಕ್ಕೆ ಬೂಟ್‌ಸ್ಟ್ರಾಪ್ ಹಿಡಿದೆ. ಸ್ಟ್ಯಾನ್‌ಫರ್ಡ್‌ನ ಬ್ರಾಡ್ಲಿ ಎಫ್ರಾನ್ 1979ರಲ್ಲಿ ಇದಕ್ಕೆ ಈ ಹೆಸರಿಟ್ಟ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂದು ಅರ್ಥ. ನಮ್ಮೂರಲ್ಲಿ ಹೀಗೆ ಮಾತಾಡುವವನನ್ನು ಯಾರೂ ನಂಬುವುದಿಲ್ಲ. ಆದರೂ ಉಪಾಯ ಇದು: ನನ್ನಲ್ಲಿ ಎಂಟೇ ಹೊಲ ಇವೆ, ಊರಿನ ಎಲ್ಲ ಹೊಲಗಳನ್ನು ತೂಗಲು ಆಗುವುದಿಲ್ಲ. ಹಾಗಾಗಿ ಈ ಎಂಟನ್ನೇ ಇಡೀ ಊರಿನ ಪ್ರತಿನಿಧಿ ಎಂದುಕೊಂಡು, ಅದರಿಂದಲೇ ಮತ್ತೆ ಮತ್ತೆ ಎಂಟು ಹೊಲ ಆರಿಸಿ, ಸರಾಸರಿ ಎಷ್ಟು ಅಲುಗಾಡುತ್ತದೆ ಎಂದು ನೋಡುವುದು.

ಕಂಪ್ಯೂಟರಿಗೆ ಕೊಡುವ ಮೊದಲು ಕೈಯಲ್ಲಿ ಮಾಡಿ ನೋಡಬೇಕೆನಿಸಿತು. ಎಂಟು ಚೀಟಿ ಬರೆದು ಸ್ಟೀಲಿನ ಡಬ್ಬಿಯಲ್ಲಿ ಹಾಕಿದೆ. ಅವ್ವ ರೊಟ್ಟಿ ಬಡಿದು ಮುಗಿಸಿ ಬಂದು ಪಕ್ಕದಲ್ಲಿ ಕೂತಳು. ಅವಳು ಒಂದು ಚೀಟಿ ತೆಗೆಯುವುದು, ನಾನು ಬರೆದುಕೊಳ್ಳುವುದು, ಮತ್ತೆ ಡಬ್ಬಿಗೆ ಹಾಕುವುದು.

‘ತೆಗದದ್ದು ಮತ್ತ ಯಾಕ ಹಾಕ್ತಿ?’ ಎಂದಳು.

‘ಹಾಕಲಿಲ್ಲಂದ್ರ ಎಂಟು ಸಲ ತೆಗದ್ರ ಅವೇ ಎಂಟು ಬರ್ತಾವಲ್ಲವ್ವ. ಸರಾಸರಿ ಬದಲಾಗೋದೇ ಇಲ್ಲ.’

ಒಂದು ಸುತ್ತಿನಲ್ಲಿ 12 ಮೂರು ಸಲ ಬಂತು, 190 ಬರಲೇ ಇಲ್ಲ. ಇನ್ನೊಂದರಲ್ಲಿ 190 ಎರಡು ಸಲ ಬಂತು, ಸರಾಸರಿ ಹಾರಿ ಅರವತ್ತು ದಾಟಿತು. ಇಪ್ಪತ್ತು ಸುತ್ತಾಗುವಷ್ಟರಲ್ಲಿ ಅವ್ವ ಆಟ ಹಿಡಿದುಬಿಟ್ಟಿದ್ದಳು: ‘ಆ ದೊಡ್ಡ ಚೀಟಿ ಬಂದ್ರ ಹೆಚ್ಚು, ಬರಲಿಲ್ಲಂದ್ರ ಕಡಿಮಿ. ಬಾಕಿದ್ದೆಲ್ಲ ಸುಮ್ನ.’

ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸುತ್ತು ಓಡಿಸಿ ಚಿತ್ರ ಬರೆಸಿದಾಗ ಕಂಡದ್ದು ಅವ್ವನ ಮಾತೇ. ಒಂದೇ ದಿಬ್ಬ ಬರಬೇಕಿದ್ದಲ್ಲಿ ಒಂಟೆಯ ಬೆನ್ನಿನಂತೆ ಸಾಲುದಿಬ್ಬಗಳು. 20ರ ಸುತ್ತ ಒಂದು, 42ರ ಸುತ್ತ ಒಂದು, 63ರ ಸುತ್ತ ಸಣ್ಣದು, 84ರ ಹತ್ತಿರ ಇನ್ನೂ ಸಣ್ಣದು. 190 ಒಮ್ಮೆಯೂ ಬಾರದಿದ್ದರೆ ಮೊದಲ ದಿಬ್ಬ. ಮೂರು ಸುತ್ತಿಗೆ ಒಂದರಂತೆ ಹೀಗಾಗುತ್ತದೆ. ಒಮ್ಮೆ ಬಂದರೆ ಎರಡನೆಯದು, ಎರಡು ಸಲ ಬಂದರೆ ಮೂರನೆಯದು. ಎರಡೂ ತುದಿಯಲ್ಲಿ ಎರಡೂವರೆ ಶೇಕಡಾ ಕತ್ತರಿಸಿದರೆ ಸಿಗುವ ವ್ಯಾಪ್ತಿ ಸುಮಾರು 12ರಿಂದ 87 ಕೆಜಿ. ತಂತ್ರಾಂಶ ಈ ಎರಡು ಅಂಕಿಗಳನ್ನು ಮಾತ್ರ ಅಚ್ಚುಕಟ್ಟಾಗಿ ಕೊಟ್ಟು ಸುಮ್ಮನಾಗುತ್ತದೆ. ಚಿತ್ರ ಬರೆಸದೆ ಇದ್ದಿದ್ದರೆ ನಾನೂ ಅದನ್ನೇ ಪ್ರಬಂಧಕ್ಕೆ ಅಂಟಿಸುತ್ತಿದ್ದೆ. ಹೀಗೆ ದಿಬ್ಬ ಒಡೆದರೆ ಆ ವ್ಯಾಪ್ತಿ ಊರಿನ ಬಗ್ಗೆ ಅಲ್ಲ, ಒಂದೇ ಒಂದು ಹೊಲದ ಬಗ್ಗೆ ಹೇಳುತ್ತಿದೆ ಎಂದು ತಿಳಿಯಬೇಕು. ಜೊತೆಗೆ, ಎಂಟೇ ಅಂಕಿಗಳ ಬೂಟ್‌ಸ್ಟ್ರಾಪ್ ತನ್ನ ಮೇಲೆ ತಾನೇ ಸ್ವಲ್ಪ ಹೆಚ್ಚು ವಿಶ್ವಾಸ ಇಟ್ಟುಕೊಳ್ಳುತ್ತದೆ. ಅದು ಕೊಡುವ ವ್ಯಾಪ್ತಿ ಇರಬೇಕಾದ್ದಕ್ಕಿಂತ ಇಕ್ಕಟ್ಟು. ನೋಡದೇ ಇರುವ ಹೊಲವನ್ನು ಅದು ಡಬ್ಬಿಯಿಂದ ತೆಗೆಯಲಾರದು.

ಇದೆಲ್ಲವನ್ನೂ ಅಪ್ಪನಿಗೆ ಹೇಳಿದ್ದು ಯುಗಾದಿಗೆ ಹಿಂದಿನ ವಾರ. ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ನಾಣ್ಯ ತೋರಿಸಿ, ನೋಡಪ್ಪ, ಪ್ರತಿ ಹೊಲದಾಗ ಇದು ಹೆಂಗ ಬಿದ್ದಿತ್ತೋ ಹಂಗ ಮಾಡಿದ್ದಕ್ಕೇ ಈ ಲೆಕ್ಕ ನಿಂತದ, ಇಲ್ಲಂದ್ರ ಇಲ್ಲ ಅಂದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎಲೆಯ ಚೀಲ ಬಿಚ್ಚುತ್ತಾ ಅಂದ:

‘ಯವ್ವಾ, ನಮ್ಮ ಹೊಲದಾಗ ನಾಣ್ಯ ಬಿದ್ದಂಗ ಮಾಡಿಲ್ಲ.’

ನಮ್ಮದು 40ರ ಹೊಲ. ನಾಣ್ಯ ಪಡುವಲ ಅರ್ಧ ಅಂದಿತ್ತು. ನಾನು ಮರುದಿನ ಕಲಬುರಗಿಗೆ ಹೋಗಿದ್ದೆ. ಆಳುಗಳು ಬಂದಾಗ ಅಪ್ಪ ಮೂಡಲ ಅರ್ಧಕ್ಕೆ ಕಳಿಸಿದ್ದ. ಅಲ್ಲಿ ಮಣ್ಣು ಆಳ, ಗಿಡ ಸೊಕ್ಕಿ ಬೆಳೆದಿದ್ದವು. ‘ಒಳ್ಳೆ ಗಿಡಕ್ಕ ಚಿವುಟಿದ್ರ ನಿನಗ ಒಳ್ಳೆ ರಿಸಲ್ಟ್ ಬರ್ತದಂತ ಮಾಡ್ದೆ’ ಅಂದ. ಅವನ ದನಿಯಲ್ಲಿ ಕಳ್ಳತನವಿರಲಿಲ್ಲ. ಮಗಳ ಪರೀಕ್ಷೆಗೆ ಪೆನ್ನು ಕೊಟ್ಟಷ್ಟೇ ಸಹಜವಾಗಿ ಕೊಟ್ಟಿದ್ದ.

ಸಿಟ್ಟು ಬಂತು. ಅಳುವೂ ಬಂತು. ಸುಳ್ಳು ಯಾಕೆ, ಇದನ್ನು ಕೇಳಿಸಿಕೊಳ್ಳದವಳಂತೆ ಇದ್ದುಬಿಡಬಹುದಲ್ಲ ಎಂದೂ ಅನ್ನಿಸಿತು. ಅಪ್ಪ, ನಾನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆದರೆ ಆ ಹೊಲದಲ್ಲಿ ಚಿವುಟಿದ ಅರ್ಧವನ್ನು ಆರಿಸಿದ್ದು ನಾಣ್ಯವಲ್ಲ, ಮಣ್ಣು ಬಲ್ಲ ಮನುಷ್ಯ. ಅಲ್ಲಿ 40 ಎಂಬುದು −40 ಆಗಬಹುದಿತ್ತು ಎಂದು ನಾನು ಹೇಳುವ ಹಾಗಿಲ್ಲ. ಹಾಗೆ ಆಗದಂತೆ ನೋಡಿಕೊಂಡವನು ಎದುರಿಗೇ ಕೂತಿದ್ದ. ಅಂಕಿಯಲ್ಲಿ ಇದನ್ನು ಹಿಡಿಯಲು ಯಾವ ಪರೀಕ್ಷೆಗೂ ಆಗುತ್ತಿರಲಿಲ್ಲ. 40 ಎಂಬುದು 35ರ ಪಕ್ಕದಲ್ಲಿ ಎಷ್ಟು ಸಭ್ಯವಾಗಿ ಕೂತಿತ್ತು! ಎಲ್ಲರ ಕಣ್ಣೂ 190ರ ಮೇಲೆ. ಅದೋ, ನೀರು ನಿಂತರೂ ನಾಣ್ಯಕ್ಕೆ ನಿಯತ್ತಾಗಿದ್ದ ಹೊಲ.

ಉಳಿದ ಆರು ಹೊಲದವರ ಮನೆಗೂ ಹೋಗಿ ಕೇಳಿದೆ. 190ರ ಹೊಲದಲ್ಲಿ ಕೇಳಬೇಕಾಗಿರಲಿಲ್ಲ, ಅಲ್ಲಿ ನಾನೇ ನಿಂತು ಚಿವುಟಿಸಿದ್ದೆ. ಜೂಜಿನ ಮಾತಾಡಿದ್ದ ಕಾಕಾನಂತೂ ಬದುವಿಗೆ ಕರೆದೊಯ್ದು, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಚಿವುಟಿಸಿದೆ ಎಂದು ಕೂಳೆಗಳನ್ನು ಮುಟ್ಟಿ ತೋರಿಸಿದ. ಅವನದು −8ರ ಹೊಲ.

ನಮ್ಮ ಹೊಲ ತೆಗೆದೆ. ಏಳು ಉಳಿದವು, 128 ಬಗೆ. ಮೊತ್ತ 292. ಎಲ್ಲ ಪ್ಲಸ್ ಆದರೆ 308, 8 ಒಂದೇ ಮೈನಸ್ ಆದರೆ 292. ಮತ್ತೆ ನಾಲ್ಕೇ ಬಗೆ. 128ರಲ್ಲಿ 4, ಅಂದರೆ 0.031. ಒಂದು ಹೊಲ ಕಳೆದುಕೊಂಡದ್ದಕ್ಕೆ ಪಿ-ಮೌಲ್ಯ ಎರಡು ಪಟ್ಟಾಯಿತು. ಇನ್ನೆರಡು ಕಳೆದುಕೊಂಡು ಐದೇ ಉಳಿದಿದ್ದರೆ ಒಟ್ಟು 32 ಬಗೆ. ಆಗ ಎಲ್ಲ ಹೊಲದಲ್ಲೂ ಲಾಭ ಬಂದಿದ್ದರೂ ಎರಡೂ ದಿಕ್ಕು ಸೇರಿ 32ರಲ್ಲಿ 2ಕ್ಕಿಂತ ಕೆಳಗೆ ಇಳಿಯಲು ಆಗುತ್ತಿರಲಿಲ್ಲ. ಅದು 0.06. ಎಣಿಸಿದ್ದಷ್ಟೇ ನಿಮ್ಮದು, ಈ ಪರೀಕ್ಷೆಯಲ್ಲಿ ಸಾಲ ಸಿಗುವುದಿಲ್ಲ.

ಬೂಟ್‌ಸ್ಟ್ರಾಪಿನ ದಿಬ್ಬಗಳೂ ಜರುಗಿದವು. ನೀರಿನ ಹೊಲ ಬಾರದ ಮೊದಲ ದಿಬ್ಬ 20ರಿಂದ 17ಕ್ಕೆ ಇಳಿಯಿತು. ಹದಿನೇಳು ಕೆಜಿಗೆ ಬೆಂಬಲ ಬೆಲೆಯಲ್ಲಿ 1,283 ರೂಪಾಯಿ. ಆಳಿಗೆ ಕೊಟ್ಟದ್ದು 1,200. ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ.

‘ಎಂಬತ್ ರೂಪಾಯಿ. ಅದೂ ಬಂದ್ರ.’

‘ಅದೂ ಬಂದ್ರ’ ಅಂದೆ.

ಅಧ್ಯಾಯದಲ್ಲಿ ಒಂದು ಪುಟ ಸೇರಿಸಿದ್ದೇನೆ: ಎಂಟು ಹೊಲಗಳಲ್ಲಿ ಒಂದನ್ನು ಕೈಬಿಡಲಾಗಿದೆ, ಅಲ್ಲಿ ನಾಣ್ಯದ ಆದೇಶ ಪಾಲನೆಯಾಗಲಿಲ್ಲ. ಯಾರ ಹೊಲ ಎಂದು ಬರೆದಿಲ್ಲ. ಮಾರ್ಗದರ್ಶಕರು ಅದನ್ನು ಓದಿ ಈ ಸಲ ಏನೂ ಕೇಳಲಿಲ್ಲ, ಅಂಚಿನಲ್ಲಿ ಒಂದು ಸರಿ ಗುರುತು ಹಾಕಿದರು. ಮುಂಗಾರಿಗೆ ಇನ್ನೂ ಹನ್ನೆರಡು ಹೊಲದವರು ಒಪ್ಪಿದ್ದಾರೆ. ಅವ್ವ ಚೀಟಿಯ ಡಬ್ಬಿಯನ್ನು ಮತ್ತೆ ಸಾಸಿವೆಗೆ ತೆಗೆದುಕೊಂಡಿದ್ದಾಳೆ. ಚಿವುಟುವ ದಿನ ನಾನು ಊರು ಬಿಟ್ಟು ಹೋಗುವುದಿಲ್ಲ ಎಂದು ಅಪ್ಪನಿಗೆ ಹೇಳಿದ್ದೇನೆ. ‘ಇರು, ಯಾರು ಬ್ಯಾಡಂತಾರ’ ಅಂದ. ಸ್ವಲ್ಪ ಹೊತ್ತಿನ ಮೇಲೆ, ನಾಣ್ಯ ಈ ಸಲ ತಾನೇ ಚಿಮ್ಮಬಹುದೇ ಎಂದು ಕೇಳಿದ.